ಮೊದಲ ಸಲ ಕಂಪನಿ ತೆರೆಯುವವರಿಗೆ ಕಳಿಸುವ ಮೇಲ್: ನಾನು ಎಲ್ಲಿ ಎಡವಿದೆ?

ಎರಡನೇ_ವರ್ಷ

ನಾನು ಪ್ರಾಕ್ಟೀಸ್ ಮಾಡುವ ಕಂಪನಿ ಸೆಕ್ರೆಟರಿ. ಸ್ವಂತ ಆಫೀಸು ತೆರೆದು ಎರಡು ವರ್ಷ ಆಗುತ್ತಾ ಬಂತು. ಹೋದ ವಾರ ಇಬ್ಬರು ಹುಡುಗರು ಮೇಲ್ ಮಾಡಿದ್ದರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡುತ್ತಿದ್ದಾರೆ. ಎರಡೇ ಸಾಲು ಬರೆದಿದ್ದರು: "ಪ್ರೈವೇಟ್ ಲಿಮಿಟೆಡ್ ಮಾಡಿಸಬೇಕು. ಒಟ್ಟು ಎಷ್ಟಾಗುತ್ತೆ?" ಅವತ್ತೇ ರಾತ್ರಿ ಕೂತು ಉತ್ತರ ಬರೆದೆ. ಅದರ ಮುಖ್ಯ ಭಾಗ ಇದು:

> ಇನ್‌ಕಾರ್ಪೊರೇಷನ್ ಪ್ಯಾಕೇಜ್: SPICe+ Part A ಮತ್ತು Part B, eMoA, eAoA, AGILE-PRO-S, INC-9, ಡಿಎಸ್‌ಸಿ ಎರಡು, INC-20A. ವಾರ್ಷಿಕ ಪ್ಯಾಕೇಜ್: AOC-4, MGT-7A, ADT-1, DPT-3, ಮಿನಿಟ್ಸ್, ರಿಜಿಸ್ಟರ್‌ಗಳು. ಒಟ್ಟು 26,000 ರೂಪಾಯಿ, ಎಲ್ಲಾ ಸೇರಿ. ಜಿಎಸ್‌ಟಿ ಪ್ರತ್ಯೇಕ.

ಮರುದಿನ ಉತ್ತರ ಬಂತು: "ಮೇಡಂ, ಬೇರೆ ಕಡೆ ಅರ್ಧಕ್ಕಿಂತ ಕಡಿಮೆಗೆ ಮಾಡ್ತಾರಂತೆ. ನಿಮ್ಮ ಮೇಲ್‌ನಲ್ಲಿ ನಮಗೆ ಅರ್ಥ ಆಗಿದ್ದು ಕೊನೆಯ ಮೊತ್ತ ಒಂದೇ."

ಬೇಜಾರಾಯಿತು. ಆದರೆ ಮೇಲ್ ಮತ್ತೆ ಓದಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ಹೊಸದಾಗಿ ಬರೆಯಬೇಕು. ಕಂಪನಿ ತೆರೆದವರು ಇಲ್ಲಿ ತುಂಬ ಜನ ಇದ್ದೀರಿ. ಇಂಥ ಮೇಲ್ ಬಂದಾಗ ನಿಮಗೆ ಮೊದಲು ಏನು ಗೊತ್ತಾಗಬೇಕಿತ್ತು, ಆಮೇಲೆ ಯಾವುದಕ್ಕೆ ಹಣೆ ಚಚ್ಚಿಕೊಂಡಿರಿ, ಹೇಳಿ.

ಗೋಡೌನ್_ಮಹಡಿ

ಹಣೆ ಚಚ್ಚಿಕೊಂಡವನು ನಾನೇ. ನನ್ನ ಕಥೆ ಹೇಳ್ತೀನಿ, ನಿಮ್ಮ ಮೇಲ್‌ಗೆ ಏನು ಬೇಕೋ ತಗೊಳ್ಳಿ.

ನಮ್ಮ ಸರ್ಟಿಫಿಕೇಟ್‌ನಲ್ಲಿ 10 ಜುಲೈ 2023 ಅಂತ ಇದೆ. ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಏಜೆನ್ಸಿ ಮಾಡಿಕೊಟ್ಟಿತು. ಕೆಲಸ ಬೇಗ ಆಯಿತು, ಅದಕ್ಕೆ ಸುಳ್ಳು ಹೇಳಲ್ಲ. ಸರ್ಟಿಫಿಕೇಟ್, ಪ್ಯಾನ್, ಟ್ಯಾನ್ ಎಲ್ಲಾ ಮೇಲ್‌ಗೆ ಬಂತು, ಕೊನೆಯಲ್ಲಿ "ಅಭಿನಂದನೆಗಳು" ಅಂತ ಒಂದು ಬಣ್ಣದ ಚಿತ್ರ. ಅಷ್ಟೇ. ನಾವು ಕಂಪನಿ ಆಯ್ತು ಅಂದುಕೊಂಡು ಮಾಲು ತರಿಸಲು ಶುರು ಮಾಡಿದೆವು.

ಬ್ಯಾಂಕ್ ಖಾತೆ ಚಾಲೂ ಆಗಿದ್ದು ಫೆಬ್ರವರಿಯಲ್ಲಿ. ಆಗ ಬ್ಯಾಂಕಿನವರೇ ಕೇಳಿದರು, "INC-20A ಆಗಿದೆಯಾ?" ಅಂತ. ಅದು ಏನು ಅಂತಲೇ ಗೊತ್ತಿರಲಿಲ್ಲ. ವ್ಯಾಪಾರ ಶುರು ಮಾಡುವ ಮುಂಚೆ ಕೊಡಬೇಕಾದ ಘೋಷಣೆಯಂತೆ ಅದು, ನೋಂದಣಿಯಾದ 180 ದಿನದ ಒಳಗೆ ಹಾಕಬೇಕಿತ್ತಂತೆ. ಅಂದರೆ 6 ಜನವರಿ 2024. ದಾಟಿ ಹೋಗಿತ್ತು. ಏಜೆನ್ಸಿಗೆ ಫೋನ್ ಮಾಡಿದರೆ "ಅದು ನಿಮ್ಮ ಪ್ಯಾಕೇಜ್‌ನಲ್ಲಿ ಇಲ್ಲ ಸರ್" ಅಂದರು. ಹಳೆ ಮೇಲ್ ತೆಗೆದು ನೋಡಿದೆ. ನಿಜ, ಇರಲಿಲ್ಲ. ಇಲ್ಲ ಅಂತಲೂ ಬರೆದಿರಲಿಲ್ಲ.

ನನಗೆ ಬೇಕಿದ್ದ ಸಾಲು ಅದೊಂದೇ: "ಇದರಲ್ಲಿ ಇಂಥದ್ದು ಇಲ್ಲ."

ಲೆಕ್ಕ_ಬರೆಯುವವ

ನಾನು 15 ವರ್ಷದಿಂದ ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುತ್ತಿದ್ದೇನೆ. ಮೇಡಂ, ನಿಮ್ಮ ಮೇಲ್‌ನಲ್ಲಿ ಲೆಕ್ಕ ಬರೆಯೋದು ಎಲ್ಲಿದೆ? ಕಂಪನಿ ರಿಜಿಸ್ಟ್ರಾರ್‌ಗೆ ವರ್ಷದ ಲೆಕ್ಕ ಕೊಡುವ AOC-4 ಹಾಕಲು ಬ್ಯಾಲೆನ್ಸ್ ಶೀಟ್ ಬೇಕು. ಬ್ಯಾಲೆನ್ಸ್ ಶೀಟ್‌ಗೆ ಪುಸ್ತಕ ಬೇಕು. ಗಿರಾಕಿ ಸೆಪ್ಟೆಂಬರ್‌ನಲ್ಲಿ ಒಂದು ಕವರ್ ತುಂಬ ಬಿಲ್ಲು ತಂದು ಟೇಬಲ್ ಮೇಲೆ ಸುರಿದಾಗ "ಎಲ್ಲಾ ಸೇರಿ ಅಂದಿದ್ರಲ್ಲ" ಅಂತಾನೆ. ಅನುಭವದ ಮಾತು.

ಇನ್ನೊಂದು. ಹೊಸ ಕಂಪನಿಗೆ ಆಡಿಟ್ ಅಂತ ಸುಮ್ನೆ ಹೆದರಿಸಬೇಡಿ. ವಹಿವಾಟು 1 ಕೋಟಿ ದಾಟದಿದ್ದರೆ ಆಡಿಟ್ ಬೇಡ.

ಹಳೆ_ಫೈಲು

ಲೆಕ್ಕದವರೇ, ಮೊದಲ ಮಾತು ನೂರಕ್ಕೆ ನೂರು ಸರಿ. ಎರಡನೆಯದು ಅರ್ಧ ಸರಿ. ನೀವು ಹೇಳುತ್ತಿರುವುದು ಆದಾಯ ತೆರಿಗೆ ಕಾನೂನಿನ ಟ್ಯಾಕ್ಸ್ ಆಡಿಟ್. ಮಾಲೀಕ ಒಬ್ಬನೇ ಇರುವ ಅಂಗಡಿಗೆ ಅದರ ಮಿತಿ ನೋಡಿದರೆ ಸಾಕು. ಕಂಪನಿಗೆ ಕಂಪನಿ ಕಾಯ್ದೆಯ ಆಡಿಟ್ ಬೇರೆ ಇದೆ. ಅದಕ್ಕೆ ವಹಿವಾಟಿನ ಮಿತಿಯೇ ಇಲ್ಲ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಚಾರ್ಟರ್ಡ್ ಅಕೌಂಟೆಂಟ್ ಸಹಿ ಬೇಕು. ಗಿರಾಕಿಗಳು "ನಮ್ಮದು ಇನ್ನೂ ಸೊನ್ನೆ, ಏನೂ ಹಾಕಬೇಕಾಗಿಲ್ಲ" ಅಂತ ಕೂತುಬಿಡುವುದು ಈ ಗೊಂದಲದಿಂದಲೇ.

ಎರಡನೇ_ವರ್ಷ ಅವರೇ, ನಾನೂ ಇದೇ ಕೆಲಸದವನು. ನಿಮ್ಮ ಮೇಲ್‌ನ ದೊಡ್ಡ ತಪ್ಪು ಫಾರ್ಮ್ ಹೆಸರುಗಳಲ್ಲ, "ಎಲ್ಲಾ ಸೇರಿ" ಅನ್ನುವ ಎರಡು ಪದ. ಆಡಿಟ್ ನೀವು ಮಾಡುವ ಹಾಗೇ ಇಲ್ಲ, ಆ ಫೀಸು ನಿಮ್ಮ 26,000ದಲ್ಲಿ ಸೇರಿಲ್ಲ. ಆದಾಯ ತೆರಿಗೆ ರಿಟರ್ನ್ ಸೇರಿಲ್ಲ, ಜಿಎಸ್‌ಟಿ ರಿಟರ್ನ್ ಸೇರಿಲ್ಲ, ಲೆಕ್ಕ ಸೇರಿಲ್ಲ. ಹಾಗಾದರೆ ಎಲ್ಲಾ ಎಲ್ಲಿ ಸೇರಿತು? ಆ ಹುಡುಗ ಅಕ್ಟೋಬರ್‌ನಲ್ಲಿ ಆಡಿಟರ್ ಬಿಲ್ ನೋಡಿದಾಗ ಮೋಸ ಮಾಡಿದವರು ನೀವೇ ಅಂದುಕೊಳ್ಳುತ್ತಾನೆ.

ಎರಡನೇ ತಪ್ಪು, ಒಂದೇ ಸಲ ಆಗುವ ಖರ್ಚನ್ನೂ ವರ್ಷ ವರ್ಷದ ಖರ್ಚನ್ನೂ ಕೂಡಿಸಿ ಒಂದೇ ಮೊತ್ತ ಬರೆದದ್ದು. ಬೇರೆ ಕಡೆ "ಅರ್ಧ" ಅಂದರಲ್ಲ, ಅದು ನೋಂದಣಿಯ ರೇಟು ಮಾತ್ರ. ನಿಮ್ಮದು ನೋಂದಣಿ ಮತ್ತು ಒಂದು ವರ್ಷ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ದಾರಿಯನ್ನೇ ನೀವು ಅವರಿಗೆ ಕೊಟ್ಟಿಲ್ಲ.

ಮೂರನೇ_ಮಹಡಿ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ವರ್ಷಕ್ಕೆ ಒಂದು ಪೈಸೆ ತಗೊಳ್ಳಲ್ಲ. ಮೀಟಿಂಗ್ ಕರೆಯೋದು, ಪುಸ್ತಕದಲ್ಲಿ ಬರೆಯೋದು ಎಲ್ಲಾ ಅವರೇ. 26 ಸಾವಿರ ಯಾಕೆ ಅಂತ ನನಗೂ ಅರ್ಥ ಆಗಲಿಲ್ಲ.

ಎರಡನೇ_ವರ್ಷ

ಸರ್, ಅದು ಬೇರೆ ಸೆಕ್ರೆಟರಿ, ಇದು ಬೇರೆ. ಇದು ಪರೀಕ್ಷೆ ಬರೆದು ಸದಸ್ಯತ್ವ ತಗೊಂಡು ಮಾಡುವ ಕೆಲಸ. ಆದರೆ ನಿಮ್ಮ ಪ್ರಶ್ನೆ ಬಂದಿದ್ದು ಒಳ್ಳೆಯದೇ ಆಯಿತು. ಮೇಲ್‌ನ ಮೊದಲ ಸಾಲಲ್ಲಿ ನಾನು ಯಾರು ಅಂತ ಹೇಳಬೇಕು ಅಂತ ಹೊಳೆದದ್ದು ಈಗ. ನನ್ನ ಅತ್ತೆಯೂ ಇನ್ನೂ "ನಮ್ಮ ಸೊಸೆ ಟೈಪಿಂಗ್ ಕೆಲಸದಲ್ಲಿದ್ದಾಳೆ" ಅಂತಲೇ ನೆಂಟರಿಗೆ ಹೇಳೋದು.

@ಗೋಡೌನ್_ಮಹಡಿ, INC-20A ಆಮೇಲೆ ಹಾಕಿದಿರಾ? ಎಲ್ಲಿ ಸಿಕ್ಕಿಕೊಂಡಿತು?

ಗೋಡೌನ್_ಮಹಡಿ

ಹಾಕಿದೆವು, ಆದರೆ ತಕ್ಷಣ ಆಗಲಿಲ್ಲ. ನಮ್ಮ ಬಂಡವಾಳ 1 ಲಕ್ಷ, ನನ್ನದು 50,000, ಪಾಲುದಾರನದು 50,000. ನಾನು ನನ್ನ ಖಾತೆಯಿಂದ ಹಾಕಿದೆ. ಅವನ ಪಾಲು ಅವನ ಅಪ್ಪನ ಖಾತೆಯಿಂದ ಬಂತು. ಮನೆ ದುಡ್ಡು ತಾನೇ ಅಂತ. ಆಮೇಲೆ ಹಿಡಿದ ಕಂಪನಿ ಸೆಕ್ರೆಟರಿ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ತಲೆ ಅಲ್ಲಾಡಿಸಿದರು. ಷೇರಿಗೆ ಸಹಿ ಹಾಕಿದವನು ಇವನು, ದುಡ್ಡು ಕೊಟ್ಟವರು ಇನ್ನೊಬ್ಬರು. ಆ ದುಡ್ಡು ವಾಪಸ್ ಕಳಿಸಿ, ಅವನ ಸ್ವಂತ ಖಾತೆಯಿಂದ ಮತ್ತೆ ಹಾಕಿಸಿ, ಹೊಸ ಸ್ಟೇಟ್‌ಮೆಂಟ್ ತೆಗೆದು ಆಮೇಲೆ ಫಾರ್ಮ್ ಹೋಯಿತು. ತಡ ಆಗಿದ್ದಕ್ಕೆ ಹೆಚ್ಚುವರಿ ಫೀಸು ಕಟ್ಟಿದೆವು. ಅದು ದೊಡ್ಡ ಮೊತ್ತ ಅಲ್ಲ. ಮುಗೀತು ಅಂದುಕೊಂಡೆ.

ಹಳೆ_ಫೈಲು

ನಿಮ್ಮನ್ನು ಹೆದರಿಸಬೇಕು ಅಂತಲ್ಲ, ಆದರೆ ಹೆಚ್ಚುವರಿ ಫೀಸು ಬೇರೆ, ದಂಡ ಬೇರೆ. ಫೀಸು ಕಟ್ಟಿದರೆ ಫಾರ್ಮ್ ಒಳಗೆ ಹೋಗುತ್ತೆ, ಅಷ್ಟೇ. ಗಡುವು ತಪ್ಪಿದ್ದಕ್ಕೆ ಕಂಪನಿಗೆ 50,000 ರೂಪಾಯಿ, ತಪ್ಪಿಗೆ ಹೊಣೆಯಾದ ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಗರಿಷ್ಠ 1 ಲಕ್ಷ ಅಂತ ಕಾಯ್ದೆಯ 10A ಕಲಂ ಹೇಳುತ್ತೆ. ಸಣ್ಣ ಕಂಪನಿಯಾದರೆ ಅದರ ಅರ್ಧಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ ಅನ್ನುವುದು ಸಮಾಧಾನ. ರಿಜಿಸ್ಟ್ರಾರ್ ಕಡೆಯಿಂದ ನೋಟಿಸ್ ಬಂದರೆ ಉತ್ತರ ಕೊಡಬೇಕು. ಬಾರದೆಯೂ ಇರಬಹುದು.

ನೋಂದಣಿ ಪ್ಯಾಕೇಜ್‌ನಿಂದ INC-20A ಬಿಡುವುದು ನನ್ನ ಪ್ರಕಾರ ತಪ್ಪು. ಅದಿಲ್ಲದೆ ಕಂಪನಿ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ಎತ್ತುವಂತಿಲ್ಲ. ಬಾಗಿಲು ಮಾಡಿಕೊಟ್ಟು ಚಿಲಕ ಬಿಟ್ಟ ಹಾಗೆ. ಎರಡನೇ_ವರ್ಷ ಅವರು ಅದನ್ನು ಸೇರಿಸಿದ್ದಾರೆ. ಆದರೆ ಆ ಹೆಸರುಗಳ ಸಾಲಿನ ಕೊನೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್‌ಎಲ್‌ಪಿ_ನಾವಿಬ್ಬರು

ನಮ್ಮದು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ನಾನು, ನನ್ನ ಅಕ್ಕ. ಮೇ 30ಕ್ಕೆ ವಾರ್ಷಿಕ ರಿಟರ್ನ್ Form 11, ಅಕ್ಟೋಬರ್ 30ಕ್ಕೆ ಲೆಕ್ಕದ Form 8, ಮುಗೀತು. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಆ ಕಾಯ್ದೆಯಲ್ಲಿ ಆಡಿಟ್ ಕೂಡ ಇಲ್ಲ. ಈ ಮೇಲ್‌ನಲ್ಲಿ "ನಿಮಗೆ ಪ್ರೈವೇಟ್ ಲಿಮಿಟೆಡ್ಡೇ ಬೇಕಾ?" ಅನ್ನುವ ಪ್ರಶ್ನೆ ಯಾಕಿಲ್ಲ? ನಮಗೂ ಮೊದಲು ಎಲ್ಲರೂ ಪ್ರೈವೇಟ್ ಲಿಮಿಟೆಡ್ ಅಂತಲೇ ತಳ್ಳಿದರು.

ಎರಡನೇ_ವರ್ಷ

ನ್ಯಾಯವಾದ ಪ್ರಶ್ನೆ. ಈ ಹುಡುಗರಿಗೆ ಹೊರಗಿನವರಿಂದ ಬಂಡವಾಳ ತರುವ ಆಸೆ ಇದೆ, ಹಾಗಾಗಿ ಷೇರು ಇರುವ ಕಂಪನಿಯೇ ಬೇಕು. ಆದರೆ ಅದನ್ನು ನಾನು ಕೇಳಿ ತಿಳಿದುಕೊಂಡಿದ್ದು ಆಮೇಲೆ. ಮೇಲ್‌ನಲ್ಲಿ ಒಂದು ಸಾಲು ಸೇರಿಸುತ್ತೇನೆ.

ಹೊಸ_ಪಟ್ಟಿ

ಮೇಡಂ, ಇಷ್ಟೊಂದು ಕಷ್ಟ ಯಾಕೆ? ಹೊಸದಾಗಿ ನೋಂದಣಿಯಾದ ಕಂಪನಿಗಳ ಮೇಲ್ ಐಡಿ ಪಟ್ಟಿ ಸಿಗುತ್ತೆ. ಒಂದು ಚಂದದ ಮೇಲ್ ಬರೆದು ಎಲ್ಲರಿಗೂ ಕಳಿಸಿ. ಸಾವಿರಕ್ಕೆ ಹತ್ತು ಜನ ಬಂದರೂ ಸಾಕಲ್ವಾ? ಏಜೆನ್ಸಿಗಳು ಮಾಡೋದೂ ಅದೇ.

ಹಳೆ_ಫೈಲು

ದಯವಿಟ್ಟು ಈ ಮಾತು ಕೇಳಬೇಡಿ. ಕಂಪನಿ ಸೆಕ್ರೆಟರಿಗಳ ನಮ್ಮ ಸಂಸ್ಥೆಯ ಕಾಯ್ದೆ 1980ರದ್ದು. ಅದರ ಮೊದಲ ಶೆಡ್ಯೂಲ್ ಪ್ರಕಾರ ಪ್ರಾಕ್ಟೀಸ್‌ನಲ್ಲಿರುವವರು ಸುತ್ತೋಲೆ ಕಳಿಸಿಯೋ, ನೇರವಾಗಿ ಬರೆದೋ ಕೆಲಸ ಬೇಡುವುದು ವೃತ್ತಿಯ ದುರ್ನಡತೆ. ಯಾರಾದರೂ ವಿಚಾರಿಸಿದರೆ ಉತ್ತರ ಕೊಡಬಹುದು, ಟೆಂಡರ್‌ಗೆ ಉತ್ತರ ಕೊಡಬಹುದು. ಆ ಇಬ್ಬರು ಹುಡುಗರು ಕೇಳಿದರು, ನೀವು ರೇಟು ಹೇಳಿದಿರಿ. ಅದರಲ್ಲಿ ತಪ್ಪಿಲ್ಲ. ಅದೇ ಮೇಲ್ ಕೇಳದ ಸಾವಿರ ಜನಕ್ಕೆ ಹೋದರೆ ದೂರು ಬರುತ್ತೆ, ಶಿಸ್ತು ಮಂಡಳಿ ಮುಂದೆ ನಿಲ್ಲಬೇಕಾಗುತ್ತೆ.

ಅದಕ್ಕೇ ಒಂದು ಸಣ್ಣ ಅಭ್ಯಾಸ ಹೇಳ್ತೀನಿ. ಹೊಸ ಮೇಲ್ ತೆರೆದು ಬರೆಯಬೇಡಿ. ಅವರು ಕೇಳಿದ ಮೇಲ್‌ಗೇ ರಿಪ್ಲೈ ಒತ್ತಿ ಬರೆಯಿರಿ. ಅವರ ಪ್ರಶ್ನೆ ಕೆಳಗೆ ಉಳಿದುಕೊಳ್ಳುತ್ತೆ.

ಹೊಸ_ಪಟ್ಟಿ

ಹಾಗಾದರೆ ಏಜೆನ್ಸಿಗೆ ಯಾಕೆ ಈ ನಿಯಮ ಇಲ್ಲ? ನಮ್ಮ ಕಂಪನಿ ನೋಂದಣಿಯಾದ ಮರುದಿನವೇ ಲೋಗೋ ಮಾಡಿಕೊಡ್ತೀವಿ, ಟ್ರೇಡ್‌ಮಾರ್ಕ್ ಮಾಡಿಸ್ತೀವಿ ಅಂತ ಫೋನ್ ಮೇಲೆ ಫೋನ್ ಬಂದಿತ್ತು.

ಹಳೆ_ಫೈಲು

ಏಜೆನ್ಸಿ ನಮ್ಮ ಸಂಸ್ಥೆಯ ಸದಸ್ಯ ಅಲ್ಲ. ಅವರಿಗೆ ಶಿಸ್ತು ಮಂಡಳಿ ಇಲ್ಲ. ಇದು ಸರಿಯಾ ಅಂತ ಕೇಳಿದರೆ, ನನಗೂ ಹೊಟ್ಟೆ ಉರಿಯುತ್ತೆ.

ಲೆಕ್ಕ_ಬರೆಯುವವ

ಆಡಿಟ್ ವಿಷಯ ಒಪ್ಪಿದೆ. ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನ ಪಾಲುದಾರಿಕೆಯವರು, ಆ ಲೆಕ್ಕದಲ್ಲೇ ಹೇಳಿಬಿಟ್ಟೆ. ಆದರೆ ಒಂದು ಕೇಳ್ತೀನಿ. DPT-3 ಎಲ್ಲರಿಗೂ ಯಾಕೆ? ಅದು ಡಿಪಾಸಿಟ್ ತಗೊಳ್ಳುವವರಿಗೆ. ಪುಟ್ಟ ಕಂಪನಿ ಯಾರ ಡಿಪಾಸಿಟ್ ತಗೊಳ್ಳುತ್ತೆ?

ಹಳೆ_ಫೈಲು

ಹೆಸರು ನೋಡಿದರೆ ಹಾಗೇ ಅನ್ನಿಸುತ್ತೆ. ಆದರೆ ಡಿಪಾಸಿಟ್ ಅಲ್ಲದ ಸಾಲವನ್ನೂ ಅದರಲ್ಲಿ ತೋರಿಸಬೇಕು. ಮೊದಲ ವರ್ಷ ಏನಾಗುತ್ತೆ ನೋಡಿ. ಬಂಡವಾಳದ ಒಂದು ಲಕ್ಷ ಎರಡೇ ತಿಂಗಳಲ್ಲಿ ಖಾಲಿ. ನಿರ್ದೇಶಕ ತನ್ನ ಉಳಿತಾಯದಿಂದ ಮೂರು ಲಕ್ಷ ಕಂಪನಿಗೆ ಹಾಕುತ್ತಾನೆ. ಅವನ ತಲೆಯಲ್ಲಿ ಅದು ಸಾಲ ಅಲ್ಲ, "ನನ್ನದೇ ದುಡ್ಡು". ಪುಸ್ತಕದಲ್ಲಿ ಅದು ಸಾಲ. ಮಾರ್ಚ್ 31ಕ್ಕೆ ಬಾಕಿ ಇದ್ದರೆ ಜೂನ್ 30ರ ಒಳಗೆ DPT-3. ಅದು ಸಾಲ ಮಾಡಿ ತಂದ ದುಡ್ಡಲ್ಲ ಅಂತ ಅವನಿಂದ ಒಂದು ಬರಹದ ಹೇಳಿಕೆಯನ್ನೂ ಇಟ್ಟುಕೊಳ್ಳಬೇಕು. ಗೆಳೆಯನೊಬ್ಬ ನೇರವಾಗಿ ಕಂಪನಿಗೆ ಹಾಕಿದರೆ ಕಥೆ ಇನ್ನೂ ಬಿಗಿ. ಅವನು ನಿರ್ದೇಶಕನೂ ಅಲ್ಲ, ನಿರ್ದೇಶಕರ ಸಂಬಂಧಿಯೂ ಅಲ್ಲ.

ಹಾಗಾಗಿ ಮೇಲ್‌ನಲ್ಲಿ ಫಾರ್ಮ್ ಹೆಸರು ಬರೆಯುವುದಕ್ಕಿಂತ ಒಂದು ಪ್ರಶ್ನೆ ಕೇಳಿ: "ಬಂಡವಾಳ ಬಿಟ್ಟು ಬೇರೆ ದುಡ್ಡು ಕಂಪನಿಗೆ ಹಾಕ್ತೀರಾ? ಹಾಕುವ ಮುಂಚೆ ನನಗೆ ಹೇಳಿ."

ಗೋಡೌನ್_ಮಹಡಿ

ನನ್ನ ಕಥೆಯ ಎರಡನೇ ಭಾಗ ಹೇಳಿಲ್ಲ. 2024ರಲ್ಲಿ ನಮಗೆ ವರ್ಷದ ಫಾರ್ಮ್‌ಗಳ ಬಗ್ಗೆ ಗೊತ್ತೇ ಆಗಲಿಲ್ಲ. INC-20A ಮಾಡಿಕೊಟ್ಟವರಿಗೆ ಆ ಒಂದು ಕೆಲಸ ಮಾತ್ರ ಕೊಟ್ಟಿದ್ದೆವು. ವಾರ್ಷಿಕ ಸಭೆ ಅಂದರೆ ಷೇರುದಾರರನ್ನೆಲ್ಲ ಕರೆದು ಹಾಲ್ ಬುಕ್ ಮಾಡೋದು, ಅದು ದೊಡ್ಡ ಕಂಪನಿಗಳಿಗೆ ಅಂದುಕೊಂಡಿದ್ದೆ. ನಮ್ಮಲ್ಲಿ ಷೇರುದಾರರೂ ನಾವಿಬ್ಬರೇ, ನಿರ್ದೇಶಕರೂ ನಾವಿಬ್ಬರೇ. ದಿನಾ ಗೋಡೌನ್ ಮಹಡಿ ಮೇಲೆ ಒಟ್ಟಿಗೆ ಊಟ ಮಾಡ್ತೀವಿ. ಸಭೆ ಯಾಕೆ?

2025ರ ಬೇಸಿಗೆಯಲ್ಲಿ ಬ್ಯಾಂಕ್ ಸಾಲ ಕೇಳಲು ಹೋದಾಗ "ಫೈಲಿಂಗ್ ಕಾಪಿ ಕೊಡಿ" ಅಂದರು. ಆಗ ಎಚ್ಚರ. ಆಡಿಟರ್ ಹುಡುಕಿ, ಒಂದು ವರ್ಷದ ಲೆಕ್ಕ ಬರೆಸಿ, ಆಡಿಟ್ ಮಾಡಿಸಿ, ಸಭೆ ನಡೆಸಿ, ಎರಡೂ ಫಾರ್ಮ್ ಹೋಗಿದ್ದು 18 ಆಗಸ್ಟ್ 2025ರಂದು. ಪೋರ್ಟಲ್‌ನಲ್ಲಿ ಹೆಚ್ಚುವರಿ ಫೀಸು 37,000 ತೋರಿಸಿತು. ಎಷ್ಟೋ ಹೊತ್ತು ಆ ಪರದೆ ನೋಡುತ್ತಾ ಕೂತಿದ್ದೆ. ಈಗಲೂ ಅದು ಹೇಗೆ ಬಂತು ಅಂತ ನನಗೆ ಸರಿಯಾಗಿ ಗೊತ್ತಿಲ್ಲ.

ಎರಡನೇ_ವರ್ಷ

ನಾನು ಲೆಕ್ಕ ಹಾಕಿದೆ, ಸರಿಯಾಗೇ ಇದೆ. ನಿಮ್ಮ ಮೊದಲ ಹಣಕಾಸು ವರ್ಷ ಮುಗಿದದ್ದು 31 ಮಾರ್ಚ್ 2024. ಮೊದಲ ವಾರ್ಷಿಕ ಸಭೆಗೆ ಒಂಬತ್ತು ತಿಂಗಳು ಕೊಡುತ್ತಾರೆ, ಅಂದರೆ 31 ಡಿಸೆಂಬರ್ 2024. ಆಮೇಲಿನ ವರ್ಷಗಳಿಗೆ ಆರೇ ತಿಂಗಳು, ಸೆಪ್ಟೆಂಬರ್ 30. ನೀವು ಸಭೆ ನಡೆಸದಿದ್ದರೂ ಗಡಿಯಾರ ನಿಲ್ಲುವುದಿಲ್ಲ. ನಡೆಸಬೇಕಿದ್ದ ಕೊನೆಯ ದಿನದಿಂದ ಎಣಿಕೆ ಶುರು. AOC-4ಗೆ 30 ದಿನ, ಅಂದರೆ 30 ಜನವರಿ 2025. ವಾರ್ಷಿಕ ರಿಟರ್ನ್ MGT-7Aಗೆ 60 ದಿನ, ಅಂದರೆ 1 ಮಾರ್ಚ್ 2025. ಆಗಸ್ಟ್ 18ಕ್ಕೆ ಮೊದಲನೆಯದು 200 ದಿನ ತಡ, ಎರಡನೆಯದು 170 ದಿನ ತಡ. ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ. 20,000 ಮತ್ತು 17,000.

ಇದಕ್ಕೆ ಮೇಲ್ಮಿತಿ ಇಲ್ಲ. ಕಂಪನಿ ಸುಮ್ನೆ ಮಲಗಿದ್ದರೂ ಮೀಟರ್ ಓಡುತ್ತಲೇ ಇರುತ್ತೆ. ಸತತ ಮೂರು ಹಣಕಾಸು ವರ್ಷ ಹಾಕದೆ ಬಿಟ್ಟರೆ ನಿರ್ದೇಶಕರೇ ಐದು ವರ್ಷ ಅನರ್ಹ.

ನಿಮ್ಮ ಸಭೆ ಗೋಡೌನ್ ಮಹಡಿಯಲ್ಲೇ ನಡೆಯಬಹುದಿತ್ತು, ಅದು ನೋಂದಾಯಿತ ಕಚೇರಿ ಆಗಿದ್ದರೆ ಅಥವಾ ಕಚೇರಿ ಇರುವ ಊರಲ್ಲೇ ಇದ್ದರೆ. ನೋಟಿಸ್ ಬೇಕು, ಲೆಕ್ಕ ಮುಂದಿಡಬೇಕು, ಮಿನಿಟ್ಸ್ ಬರೆದು ಸಹಿ ಹಾಕಬೇಕು. ಊಟ ಆಮೇಲೆ.

ಹಳೆ_ಫೈಲು

ಇದೇ ಲೆಕ್ಕವನ್ನು ಮೇಲ್‌ಗೆ ಹಾಕಿ. ಫಾರ್ಮ್ ಹೆಸರು ಯಾರಿಗೂ ನೆನಪಿರಲ್ಲ. "10 ಜುಲೈಗೆ ಹುಟ್ಟಿದ ಕಂಪನಿಗೆ ಯಾವ ದಿನ ಏನು" ಅಂತ ಬರೆದರೆ ನೆನಪಿರುತ್ತೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಡಿಎಸ್‌ಸಿ ಟೋಕನ್. ಡಿಜಿಟಲ್ ಸಹಿ ಇರುವ ಆ ಪುಟ್ಟ ಯುಎಸ್‌ಬಿ ಕಡ್ಡಿ ಯಾರ ಹತ್ತಿರ ಇದೆ? ನನ್ನ ಹತ್ತಿರ ಬರುವ ಗಿರಾಕಿಗಳನ್ನು ಕೇಳಿದರೆ ಅರ್ಧಕ್ಕರ್ಧ ಜನ "ಏಜೆಂಟ್ ಹತ್ರ ಇದೆ" ಅನ್ನುತ್ತಾರೆ. ಅದು ನಿಮ್ಮ ಸಹಿ. ಖಾಲಿ ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಬೇರೆಯವರ ಡ್ರಾಯರ್‌ನಲ್ಲಿ ಬಿಟ್ಟು ಬಂದ ಹಾಗೆ. ಅದು ಯಾರ ಹತ್ತಿರ ಇರುತ್ತೆ ಅಂತ ಮೇಲ್‌ನಲ್ಲೇ ಬರೆಯಿರಿ. ಕಂಪನಿಯ ಹೆಸರಲ್ಲಿ ಕೊಡುವ ಮೇಲ್ ಐಡಿ, ಮೊಬೈಲ್ ನಂಬರ್ ಕೂಡ ಗಿರಾಕಿಯದೇ ಇರಬೇಕು. ಏಜೆಂಟ್ ತನ್ನದು ಹಾಕಿದರೆ ರಿಜಿಸ್ಟ್ರಾರ್ ಕಳಿಸುವ ನೋಟಿಸ್ ಏಜೆಂಟ್ ಇನ್‌ಬಾಕ್ಸ್‌ನಲ್ಲಿ ಕೊಳೆಯುತ್ತೆ.

ಎರಡನೇ_ವರ್ಷ

ಎರಡು ದಿನ ಕೂತು ಬರೆದೆ. ಹೆಸರು, ಸದಸ್ಯತ್ವದ ನಂಬರ್ ತೆಗೆದಿದ್ದೇನೆ, ಇಲ್ಲಿ ಹಾಕಿದರೆ ಜಾಹೀರಾತು ಆಗುತ್ತೆ. ನೋಡಿ.

> ನಮಸ್ಕಾರ,
>
> ನೀವು ಕೇಳಿದ್ದಕ್ಕೆ ಉತ್ತರ. ನಾನು ಪ್ರಾಕ್ಟೀಸ್‌ನಲ್ಲಿರುವ ಕಂಪನಿ ಸೆಕ್ರೆಟರಿ. ಕಂಪನಿ ನೋಂದಣಿ ಮಾಡಿಸುವುದು, ಆಮೇಲೆ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಕೊಡಬೇಕಾದದ್ದನ್ನು ಸಮಯಕ್ಕೆ ಕೊಡುವುದು ನನ್ನ ಕೆಲಸ. ಹೊರಗಿನ ಬಂಡವಾಳ ತರುವ ಯೋಚನೆ ಇಲ್ಲದಿದ್ದರೆ ಮೊದಲು ಒಂದು ಫೋನ್ ಮಾಡಿ. ನಿಮಗೆ ಎಲ್‌ಎಲ್‌ಪಿ ಸಾಕಾಗಬಹುದು.
>
> ಖರ್ಚು ಎರಡು ಬಗೆ. ಒಂದೇ ಸಲದ್ದು: ನೋಂದಣಿಗೆ ನನ್ನ ಫೀಸು 8,000. ಇದರಲ್ಲಿ ಹೆಸರು ಕಾಯ್ದಿರಿಸುವುದರಿಂದ ಹಿಡಿದು, ಕಂಪನಿ ವ್ಯಾಪಾರ ಶುರು ಮಾಡಬಹುದು ಅನ್ನುವ INC-20A ತನಕ ಎಲ್ಲಾ ಹಂತ ಇವೆ. ಸರ್ಕಾರಕ್ಕೆ ಹೋಗುವ ದುಡ್ಡು ಬೇರೆ: ಹೆಸರಿಗೆ 1,000, ರಾಜ್ಯದ ಸ್ಟ್ಯಾಂಪ್ ಡ್ಯೂಟಿ, ಪ್ಯಾನ್ ಟ್ಯಾನ್ ಶುಲ್ಕ. ಅಧಿಕೃತ ಬಂಡವಾಳ 15 ಲಕ್ಷದ ತನಕ ನೋಂದಣಿ ಫೀಸು ಇಲ್ಲ. ನಿಮ್ಮಿಬ್ಬರ ಡಿಎಸ್‌ಸಿ ಖರ್ಚು ಕೂಡ ಬೇರೆ. ಇವೆಲ್ಲಕ್ಕೂ ರಸೀದಿ ಇದ್ದಷ್ಟೇ ತಗೊಳ್ಳುತ್ತೇನೆ.
>
> ವರ್ಷ ವರ್ಷದ್ದು: ನನ್ನ ಫೀಸು 18,000. ಇದರಲ್ಲಿ ಬೋರ್ಡ್ ಸಭೆಗಳ ಕಾಗದ, ವಾರ್ಷಿಕ ಸಭೆ, ರಿಜಿಸ್ಟ್ರಾರ್‌ಗೆ ಲೆಕ್ಕ ಮತ್ತು ವಾರ್ಷಿಕ ರಿಟರ್ನ್ ಕೊಡುವುದು ಸೇರಿದೆ.
>
> ಇದರಲ್ಲಿ ಸೇರದೇ ಇರುವುದು: ದಿನದ ಲೆಕ್ಕ ಬರೆಯುವುದು, ಆಡಿಟ್, ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ರಿಟರ್ನ್. ವ್ಯಾಪಾರ ಆಗದಿದ್ದರೂ ಆಡಿಟ್ ಬೇಕು. ಅದನ್ನು ಚಾರ್ಟರ್ಡ್ ಅಕೌಂಟೆಂಟ್ ಮಾಡುತ್ತಾರೆ, ನಾನು ಮಾಡುವಂತಿಲ್ಲ. ಆ ದುಡ್ಡನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.
>
> ಒಂದು ಉದಾಹರಣೆ. ನಿಮ್ಮ ಸರ್ಟಿಫಿಕೇಟ್ 10 ಜುಲೈಗೆ ಬಂತು ಅಂದುಕೊಳ್ಳಿ. ಆಗಸ್ಟ್ 9ರ ಒಳಗೆ ಮೊದಲ ಬೋರ್ಡ್ ಸಭೆ, ಆಡಿಟರ್ ನೇಮಕ. ಜನವರಿ 6ರ ಒಳಗೆ INC-20A. ಅದಕ್ಕೆ ಮುಂಚೆ ನೀವಿಬ್ಬರೂ ನಿಮ್ಮ ನಿಮ್ಮ ಪಾಲಿನ ಬಂಡವಾಳವನ್ನು ನಿಮ್ಮ ಸ್ವಂತ ಖಾತೆಯಿಂದಲೇ ಕಂಪನಿ ಖಾತೆಗೆ ಹಾಕಿರಬೇಕು. ಅಪ್ಪ, ಹೆಂಡತಿ, ಗೆಳೆಯನ ಖಾತೆಯಿಂದ ಬೇಡ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಅದೇ ವರ್ಷದ ಡಿಸೆಂಬರ್ 31ರ ಒಳಗೆ ಮೊದಲ ವಾರ್ಷಿಕ ಸಭೆ. ಸಭೆ ಆದ 30 ದಿನಕ್ಕೆ ಲೆಕ್ಕ, 60 ದಿನಕ್ಕೆ ವಾರ್ಷಿಕ ರಿಟರ್ನ್. ಇವೆರಡು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ.
>
> ನೀವು ಲೆಕ್ಕವನ್ನೂ ಸಹಿಯನ್ನೂ ಸಮಯಕ್ಕೆ ಕೊಟ್ಟು ನಾನು ತಡ ಮಾಡಿದರೆ ಆ ದುಡ್ಡು ನನ್ನದು. ಲೆಕ್ಕ ತಡವಾಗಿ ಬಂದರೆ ನಿಮ್ಮದು.
>
> ಬಂಡವಾಳ ಬಿಟ್ಟು ಬೇರೆ ದುಡ್ಡು ಕಂಪನಿಗೆ ಹಾಕುವ ಮುಂಚೆ ನನಗೆ ಹೇಳಿ. ಡಿಎಸ್‌ಸಿ ಟೋಕನ್ ನಿಮ್ಮ ಹತ್ತಿರವೇ ಇರುತ್ತೆ. ಕಂಪನಿಯ ಮೇಲ್ ಐಡಿ, ಮೊಬೈಲ್ ಕೂಡ ನಿಮ್ಮದೇ.

ಲೆಕ್ಕ_ಬರೆಯುವವ

ಓದಲು ಆಗುತ್ತೆ ಈಗ. "ಸಮಯಕ್ಕೆ" ಅಂದರೆ ಯಾವ ದಿನ? ಗಿರಾಕಿಯ ಸಮಯ ಬೇರೆ, ನಮ್ಮ ಸಮಯ ಬೇರೆ. ಒಂದು ತಾರೀಖು ಹಾಕಿ.

ಎರಡನೇ_ವರ್ಷ

ಸರಿ, ಆಡಿಟ್ ಆದ ಲೆಕ್ಕ ಆಗಸ್ಟ್ 31ಕ್ಕೆ ನನ್ನ ಕೈಗೆ ಅಂತ ಸೇರಿಸುತ್ತೇನೆ.

ಹಳೆ_ಫೈಲು

ಚೆನ್ನಾಗಿದೆ. ಎರಡು ಮಾತು. ಮೊದಲ ಆಡಿಟರ್ ನೇಮಕವನ್ನು ರಿಜಿಸ್ಟ್ರಾರ್‌ಗೆ ತಿಳಿಸುವ ADT-1 ಹಾಕ್ತೀರಾ, ಇಲ್ವಾ ಅಂತ ಬರೆದಿಲ್ಲ. ಬೋರ್ಡ್ ನೇಮಿಸಿದ ಮೊದಲ ಆಡಿಟರ್‌ಗೆ ಅದು ಕಡ್ಡಾಯ ಅಂತ ಕಾಯ್ದೆ ನೇರವಾಗಿ ಹೇಳಲ್ಲ. ನಾನು ಆದರೂ ಹಾಕುತ್ತೇನೆ.

ಇನ್ನೊಂದು, ತಡವಾದರೆ ದುಡ್ಡು ನನ್ನದು ಅನ್ನುವ ಸಾಲು. ಧೈರ್ಯ ಮೆಚ್ಚಿದೆ. ಆದರೆ ಕೊನೆಯ ವಾರ ಪೋರ್ಟಲ್ ಕೈ ಕೊಟ್ಟರೆ? ನಾನಾಗಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ.

ಎರಡನೇ_ವರ್ಷ

ADT-1 ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕಾನೂನು ಕೇಳದ ಫಾರ್ಮ್‌ಗೆ ಗಿರಾಕಿ ಯಾಕೆ ಫೀಸು ಕಟ್ಟಬೇಕು? ವಾರ್ಷಿಕ ಸಭೆಯಲ್ಲಿ ಐದು ವರ್ಷಕ್ಕೆ ನೇಮಿಸಿದಾಗ 15 ದಿನದೊಳಗೆ ಹಾಕುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ದುಡ್ಡು ನನ್ನದು ಅನ್ನುವ ಸಾಲು ಇರಲಿ ಸರ್. ಕೊನೆಯ ವಾರದ ತನಕ ಕಾಯದಿರಲು ಅದೇ ನನಗೆ ಚಾಟಿ.

ಹಳೆ_ಫೈಲು

ADT-1 ವಿಷಯ ಬಿಡಿ. ಅದು ನಮ್ಮವರು ಇಬ್ಬರು ಸೇರಿದ ಕಡೆಯೆಲ್ಲ ನಡೆಯುವ ಜಗಳ.

ಎಲ್‌ಎಲ್‌ಪಿ_ನಾವಿಬ್ಬರು

ನಮ್ಮ ಎಲ್‌ಎಲ್‌ಪಿಗೂ ಇಂಥ ಒಂದು ತಾರೀಖಿನ ಮೇಲ್ ಯಾರಾದರೂ ಬರೆದುಕೊಟ್ಟಿದ್ದರೆ ಒಂದು ವರ್ಷ Form 8 ತಪ್ಪುತ್ತಿರಲಿಲ್ಲ. "ಮುಗೀತು" ಅಂದೆನಲ್ಲ ಮೇಲೆ, ಅದು ತಪ್ಪಿಸಿಕೊಂಡ ಮೇಲೆ ಕಲಿತದ್ದು.

ಗೋಡೌನ್_ಮಹಡಿ

ಹಳೆ_ಫೈಲು ಸರ್ ಹೇಳಿದ ಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ನಮ್ಮ ಕಂಪನಿಯ ಮಾಸ್ಟರ್ ಡೇಟಾ ತೆಗೆದು ನೋಡಿದೆ. ಮೇಲ್ ಐಡಿ ಜಾಗದಲ್ಲಿ ಇನ್ನೂ ಆ ಏಜೆನ್ಸಿಯ ಐಡಿ ಇದೆ. ಎರಡು ವರ್ಷದಿಂದ ನಮಗೆ ಒಂದೂ ನೋಟಿಸ್ ಬಂದಿಲ್ಲ ಅಂತ ಖುಷಿಯಲ್ಲಿದ್ದೆ. ಬಂದಿದೆಯೋ ಇಲ್ಲವೋ ಈಗ ಯಾರಿಗೆ ಗೊತ್ತು. ಟೋಕನ್ ಕೂಡ ಹುಡುಕಿದೆ. ನನ್ನದು ಡ್ರಾಯರ್‌ನಲ್ಲಿ ಸಿಕ್ಕಿತು. ಪಾಲುದಾರನದು ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ.

ಎರಡನೇ_ವರ್ಷ ಮೇಡಂ, ನಮ್ಮ ಕೆಲಸ ನೀವು ತಗೊಳ್ತೀರಾ? ಎಷ್ಟಾಗುತ್ತೆ?

ಹಳೆ_ಫೈಲು

ಎಲ್ಲರೂ ನೋಡಿದ್ರಲ್ಲ, ಅವರೇ ವಿಚಾರಿಸಿದ್ದು. ಮೇಡಂ, ರಿಪ್ಲೈ ಒತ್ತಿ. ಆದರೆ ಈಗ ಅವರ ಕಂಪನಿ ಸೆಕ್ರೆಟರಿ ಯಾರಾದರೂ ಇದ್ದರೆ, ಕೆಲಸ ಒಪ್ಪುವ ಮುಂಚೆ ಅವರಿಗೆ ಒಂದು ಪತ್ರ ಬರೆಯುವುದು ಮರೀಬೇಡಿ.